ಒಂದೇ ಜಾಗ, ಒಂದೇ ಬೆಳಕು: ಮಗುವಿನ ತಿಂಗಳ ಫೋಟೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ತಿಂಗಳು ತುಂಬಿದಾಗಲೆಲ್ಲ ಒಂದೇ ಜಾಗದಲ್ಲಿ ಮಲಗಿಸಿ ಫೋಟೋ ತೆಗೆಯುವ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಫೋಟೋ ತೆಗೆಯೋಕೆ ಹಲವು ದಾರಿಗಳಿವೆ. ನಾನಿಲ್ಲಿ ಒಂದನ್ನೇ ಹಿಡಿದುಕೊಂಡಿದ್ದೇನೆ: ನೆಲದ ಮೇಲೆ ಚೌಕಳಿ ಬಟ್ಟೆ, ತಲೆಯ ಕಡೆ ಕಿಟಕಿ, ಮೇಲಿನಿಂದ ಫೋನು. ನಮ್ಮ ಮನೆಗಳಿಗೆ, ನಮ್ಮ ಬಾಣಂತನದ ಪದ್ಧತಿಗೆ ಹೊಂದುವುದು ಇದೇ.

## ಶುರು ಮಾಡುವ ಮುನ್ನ

ದಿನಾ ನೂರು ಫೋಟೋ ತೆಗೀತಾನೇ ಇರ್ತೀವಿ. ಇದಕ್ಕೆ ಬೇರೆ ಯಾಕೆ ಒಂದೇ ಜಾಗ?

ದಿನದ ಫೋಟೋಗಳಲ್ಲಿ ಮಗು ಒಮ್ಮೆ ಅಜ್ಜಿಯ ತೊಡೆಯ ಮೇಲಿರುತ್ತದೆ, ಒಮ್ಮೆ ತೊಟ್ಟಿಲಲ್ಲಿರುತ್ತದೆ. ಫೋನು ಒಮ್ಮೆ ಹತ್ತಿರ, ಒಮ್ಮೆ ದೂರ. ಹೀಗಿದ್ದಾಗ ಎರಡು ತಿಂಗಳ ಮಗುವೂ ಆರು ತಿಂಗಳ ಮಗುವೂ ಫೋಟೋದಲ್ಲಿ ಒಂದೇ ಗಾತ್ರ ಕಾಣುತ್ತವೆ. ಬೆಳವಣಿಗೆ ಕಾಣಬೇಕಾದರೆ ಚಿತ್ರದಲ್ಲಿ ಬದಲಾಗದ ಒಂದು ವಸ್ತು ಇರಬೇಕು, ಫೋನಿನ ಎತ್ತರವೂ ಬದಲಾಗಬಾರದು. ಇವೆರಡು ಸರಿ ಇದ್ದರೆ ಉಳಿದದ್ದನ್ನೆಲ್ಲ ಮಗುವೇ ತೋರಿಸುತ್ತದೆ.

ಹುಟ್ಟಿದಾಗ ಮಗುವಿನ ಉದ್ದ ಸುಮಾರು 50 ಸೆಂಟಿಮೀಟರ್. ಒಂದು ವರ್ಷಕ್ಕೆ ಸುಮಾರು 75. ಅಂದರೆ ಒಂದೂವರೆ ಪಟ್ಟು. ಜೀವನದಲ್ಲಿ ಇನ್ನು ಯಾವ ವರ್ಷವೂ ಇಷ್ಟು ಬೇಗ ಬೆಳೆಯುವುದಿಲ್ಲ. ದಿನಾ ನೋಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಎಷ್ಟನೇ ದಿನಕ್ಕೆ ಶುರು ಮಾಡಬೇಕು? ಒಂದು ವಾರ ತಡ ಆದ್ರೆ ಪರವಾಗಿಲ್ವಾ?

ಹುಟ್ಟಿದ ಮೊದಲ ವಾರದಲ್ಲಿ ಒಂದು ತೆಗೆದಿಟ್ಟರೆ ಒಳ್ಳೆಯದು, ಅದೇ ಸೊನ್ನೆ ತಿಂಗಳ ಫೋಟೋ. ಆಗದಿದ್ದರೆ ಒಂದು ತಿಂಗಳಿಂದ ಶುರು ಮಾಡಿ. ಆಮೇಲೆ ಹುಟ್ಟಿದ ತಾರೀಖೇ ಲೆಕ್ಕ. 31ಕ್ಕೆ ಹುಟ್ಟಿದ ಮಗುವಿಗೆ ಆಯಾ ತಿಂಗಳ ಕೊನೇ ದಿನ.

ತಡದ ವಿಷಯದಲ್ಲಿ ಎಲ್ಲ ತಿಂಗಳೂ ಒಂದೇ ಅಲ್ಲ. ಮೊದಲ ಮೂರು ತಿಂಗಳು ಮಗು ತಿಂಗಳಿಗೆ ಮೂರು ನಾಲ್ಕು ಸೆಂಟಿಮೀಟರ್ ಬೆಳೆಯುತ್ತದೆ, ಮುಖವೂ ವಾರವಾರಕ್ಕೆ ಬದಲಾಗುತ್ತದೆ. ಆಗ ಒಂದು ವಾರದ ತಡವೂ ಚಿತ್ರದಲ್ಲಿ ಕಾಣುತ್ತದೆ. ಏಳು ತಿಂಗಳು ದಾಟಿದ ಮೇಲೆ ಬೆಳವಣಿಗೆ ತಿಂಗಳಿಗೆ ಒಂದು, ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಆಗ ನಾಲ್ಕು ದಿನ ಹಿಂದೆ ಮುಂದೆ ಆದರೆ ಏನೂ ವ್ಯತ್ಯಾಸವಿಲ್ಲ. ಹಾಗಾಗಿ ಮೊದಲ ಮೂರನ್ನು ಹಟ ಹಿಡಿದು ತಾರೀಖಿಗೇ ತೆಗೆಯಿರಿ.

ಒಂದು ಎಚ್ಚರಿಕೆ. ಆರು, ಹತ್ತು, ಹದಿನಾಲ್ಕು ವಾರಗಳಿಗೆ ಲಸಿಕೆ ಇರುತ್ತದೆ. ಚುಚ್ಚಿಸಿದ ದಿನ, ಮರುದಿನ ಮಗುವಿಗೆ ಮೈ ಬೆಚ್ಚಗಿರಬಹುದು, ತೊಡೆ ನೋಯುತ್ತಿರುತ್ತದೆ. ಆ ಎರಡು ದಿನ ಫೋಟೋ ಬೇಡ.

ನಮ್ಮತ್ತೆ ದೃಷ್ಟಿ ಆಗತ್ತೆ, ಮಲಗಿದ ಮಗು ಫೋಟೋ ತೆಗೀಬಾರ್ದು ಅಂತಾರೆ. ಏನ್ ಮಾಡ್ಲಿ?

ಮಲಗಿದ ಮಗುವಿನ ಫೋಟೋ ಬೇಡ ಎನ್ನುವುದನ್ನು ಒಪ್ಪಿಕೊಂಡುಬಿಡಿ. ಈ ಸರಣಿಗೆ ಎಚ್ಚರ ಇರುವ ಮಗುವೇ ಬೇಕು. ಕಣ್ಣು ತೆರೆದ ಮುಖ, ಚಾಚಿದ ಕೈಕಾಲು ಇದ್ದರೆ ಮಾತ್ರ ಹೋಲಿಕೆ ಸಾಧ್ಯ. ದೃಷ್ಟಿಯ ಚಿಂತೆ ಇರುವ ಮನೆಯಲ್ಲಿ ಫೋಟೋ ತೆಗೆಯುವುದಕ್ಕಿಂತ ಹಂಚುವುದರ ಬಗ್ಗೆ ಅಳುಕು ಜಾಸ್ತಿ ಇರುತ್ತದೆ. ವರ್ಷ ತುಂಬುವವರೆಗೆ ಯಾರಿಗೂ ಕಳಿಸುವುದಿಲ್ಲ, ಸ್ಟೇಟಸ್‌ಗೂ ಹಾಕುವುದಿಲ್ಲ ಅಂತ ಮಾತು ಕೊಟ್ಟರೆ ಹೆಚ್ಚಿನ ಅತ್ತೆಯರು ಒಪ್ಪುತ್ತಾರೆ. ಹನ್ನೆರಡೂ ಒಟ್ಟಿಗೆ ನೋಡಿದಾಗ ಸಿಗುವ ಸಂತೋಷವೂ ಬೇರೆಯೇ.

ದೃಷ್ಟಿ ಬೊಟ್ಟು ಇಟ್ಟರೆ ಇರಲಿ. ಪ್ರತಿ ಸಲ ಅದೇ ಕೆನ್ನೆಗೆ, ಅಷ್ಟೇ ದೊಡ್ಡದಾಗಿ ಇಡಿ.

## ಜಾಗ, ಬಟ್ಟೆ, ಬೆಳಕು

ಚೌಕಳಿ ಬಟ್ಟೆನೇ ಯಾಕೆ? ಮೆತ್ತಗಿರೋ ಬಿಳಿ ಫರ್ ಬಟ್ಟೆ ಚೆನ್ನಾಗಿ ಕಾಣಲ್ವಾ?

ಫರ್ ಬಟ್ಟೆ ಚೆನ್ನಾಗಿ ಕಾಣುತ್ತದೆ, ಆದರೆ ಅಳತೆ ಹೇಳುವುದಿಲ್ಲ. ಚೌಕಳಿ ಬಟ್ಟೆ ಎರಡು ಕೆಲಸ ಮಾಡುತ್ತದೆ. ಮಗು ಎಷ್ಟು ಚೌಕ ಉದ್ದ ಇದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಫೋನನ್ನು ಹೋದ ತಿಂಗಳಷ್ಟೇ ಎತ್ತರದಲ್ಲಿ ಹಿಡಿದಿದ್ದೀರಾ ಎನ್ನುವುದನ್ನೂ ಅದೇ ಹೇಳುತ್ತದೆ. ಇದು ಹೇಗೆಂದು ಮುಂದೆ ಬರೆದಿದ್ದೇನೆ.

ಚೌಕ ಸುಮಾರು 5 ಸೆಂಟಿಮೀಟರ್ ಇರಲಿ. ಗೆರೆ ತೆಳ್ಳಗಿರಲಿ, ಬಣ್ಣ ತಿಳಿಯಾಗಿರಲಿ. ಕೆನೆ ಬಣ್ಣದ ಮೇಲೆ ತಿಳಿ ಬೂದು ಗೆರೆ ನನಗೆ ಇಷ್ಟ. ಅಚ್ಚ ಬಿಳಿ ಬಟ್ಟೆ ಹಾಸಿದರೆ ಫೋನು "ಬೆಳಕು ಜಾಸ್ತಿ ಇದೆ" ಎಂದುಕೊಂಡು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ, ಮಗುವಿನ ಮುಖ ಮಂಕಾಗುತ್ತದೆ. ಕೆಂಪು, ಹಸಿರಿನಂಥ ಗಾಢ ಬಣ್ಣದ ಬಟ್ಟೆಯ ಛಾಯೆ ಕೆನ್ನೆಯ ಮೇಲೆ ಬೀಳುತ್ತದೆ.

ಕೊಂಡ ತಕ್ಷಣ ಹಾಸಬೇಡಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಚೌಕವೂ ಕುಗ್ಗುತ್ತದೆ. ಎರಡು ಸಲ ಒಗೆದು, ಇಸ್ತ್ರಿ ಮಾಡಿ, ಆಮೇಲೆ ಮೊದಲ ಫೋಟೋ ತೆಗೆಯಿರಿ. ಅಲ್ಲಿಂದ ಮುಂದೆ ಆ ಬಟ್ಟೆ ಈ ಕೆಲಸಕ್ಕೆ ಮಾತ್ರ. ದಿನಾ ಬಳಸಿದರೆ ವರ್ಷದ ಕೊನೆಗೆ ಬಣ್ಣವೇ ಬೇರೆ ಆಗಿರುತ್ತದೆ.

ಮಂಚದ ಮೇಲೆ ತೆಗೆದ್ರೆ ಆಗಲ್ವಾ? ನೆಲ ಗಟ್ಟಿ ಅಲ್ವಾ?

ನೆಲದ ಮೇಲೆ ಒಂದು ಕೌದಿ ಹಾಸಿ, ಅದರ ಮೇಲೆ ಚೌಕಳಿ ಬಟ್ಟೆ ಎಳೆದು ಹಾಸಿದರೆ ಸಾಕು. ಹಾಸಿಗೆ ಮೆತ್ತಗಿದ್ದರೆ ಮಗು ಒಳಕ್ಕೆ ಹೂತುಕೊಳ್ಳುತ್ತದೆ, ಸುತ್ತಲಿನ ಗೆರೆಗಳು ಸೊಟ್ಟಗಾಗುತ್ತವೆ. ತೂಕ ಹೆಚ್ಚಾದಷ್ಟೂ ಹೂತುಕೊಳ್ಳುವುದು ಹೆಚ್ಚು. ನಾಲ್ಕನೇ ತಿಂಗಳ ಹೊತ್ತಿಗೆ ಮಗು ಮಗ್ಗುಲಾಗೋಕೆ ಶುರು ಮಾಡುತ್ತದೆ. ನೀವು ಫೋನ್ ನೋಡುತ್ತಿರುವಾಗ ಮಂಚದಿಂದ ಬೀಳಲು ಅರೆಗಳಿಗೆ ಸಾಕು. ನೆಲದಿಂದ ಬೀಳೋಕೆ ಎಲ್ಲೂ ಜಾಗವಿಲ್ಲ.

ಉತ್ತರದ ಕಿಟಕಿ ಬೆಸ್ಟ್ ಅಂತ ಎಲ್ಲರೂ ಹೇಳ್ತಾರೆ. ನಮ್ಮನೇಲಿ ಉತ್ತರದ ಕಿಟಕಿಯಿಂದಲೇ ಬಿಸಿಲು ಬೀಳತ್ತಲ್ಲ?

ನೀವು ನೋಡಿದ್ದು ಸರಿ. ಆ ಸಲಹೆ ಯುರೋಪು, ಅಮೆರಿಕದ ಕಡೆಯದು. ಅಲ್ಲಿ ಸೂರ್ಯ ಮಧ್ಯಾಹ್ನದ ಹೊತ್ತು ಯಾವಾಗಲೂ ದಕ್ಷಿಣಕ್ಕಿರುತ್ತಾನೆ. ನಮ್ಮಲ್ಲಿ ಹಾಗಿಲ್ಲ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಸುಮಾರಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆಯ ಓರೆ ಬಿಸಿಲೂ ಉತ್ತರದ ಕಿಟಕಿಯೊಳಗೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ನಡುವಿನವರೆಗೂ ಚಾಚುತ್ತದೆ.

ಹಾಗಾಗಿ ದಿಕ್ಕಿಗಿಂತ ಹೊತ್ತು ನೋಡಿಕೊಳ್ಳಿ. ಪೂರ್ವದ ಕಿಟಕಿಯಾದರೆ ಮಧ್ಯಾಹ್ನದ ಮೇಲೆ, ಪಶ್ಚಿಮದ ಕಿಟಕಿಯಾದರೆ ಬೆಳಿಗ್ಗೆ. ಆ ಹೊತ್ತಿನಲ್ಲಿ ಆಕಾಶದ ಬೆಳಕಷ್ಟೇ ಒಳಗೆ ಬರುತ್ತದೆ, ನೇರ ಬಿಸಿಲು ಬರುವುದಿಲ್ಲ. ಉತ್ತರ, ದಕ್ಷಿಣದ ಕಿಟಕಿ ಮಾತ್ರ ಇದ್ದರೆ ಒಂದು ಬಿಳಿ ಪಂಚೆಯನ್ನು ಒಂಟಿ ಪದರವಾಗಿ ಕಿಟಕಿಗೆ ಕಟ್ಟಿ. ಬಿಸಿಲು ಇದ್ದರೂ ಇಲ್ಲದಿದ್ದರೂ ಕಟ್ಟಿ, ವರ್ಷವಿಡೀ ಬೆಳಕು ಒಂದೇ ಥರ ಮೃದುವಾಗಿರುತ್ತದೆ.

ಬೆಳಕು ಸರಿ ಇದೆಯಾ ಎಂದು ತಿಳಿಯಲು ಮಗು ತರುವ ಮೊದಲೇ ಬಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಚೂಪಾಗಿ ಎಣಿಸುವಂತೆ ಬಿದ್ದರೆ ಬಿಸಿಲು ಜಾಸ್ತಿ. ಅಂಚು ಕರಗಿದ ಮಬ್ಬು ನೆರಳು ಬಿದ್ದರೆ ಸರಿ.

ಮಗು ತಲೆ ಯಾವ ಕಡೆ ಇರ್ಬೇಕು? ಪ್ರತಿ ಸಲ ಮುಖ ಕಿಟಕಿ ಕಡೆಗೇ ತಿರುಗಿಸ್ಕೊಳ್ಳತ್ತೆ.

ತಲೆ ಕಿಟಕಿಯ ಕಡೆಗೆ, ಕಾಲು ಕೋಣೆಯ ಒಳಗಡೆಗೆ. ಪೂರ್ತಿ ನೇರ ಬೇಡ, ಸ್ವಲ್ಪ ಓರೆಯಾಗಿ ಮಲಗಿಸಿ. ಕಿಟಕಿಯಿಂದ ಎರಡೂವರೆ ಮೂರಡಿ ದೂರ ಇರಲಿ.

ಯಾಕೆಂದರೆ ಎಳೆ ಮಕ್ಕಳು ಬೆಳಕಿನ ಕಡೆಗೆ ಮುಖ ತಿರುಗಿಸುತ್ತವೆ. ಕಿಟಕಿ ಪಕ್ಕಕ್ಕಿದ್ದರೆ ನಿಮಗೆ ಹನ್ನೆರಡು ತಿಂಗಳೂ ಕಿವಿಯ ಫೋಟೋ ಸಿಗುತ್ತದೆ. ತಲೆಯ ಹಿಂದೆ ಕಿಟಕಿ ಇದ್ದರೆ ಆ ಸೆಳೆತ ಕಡಿಮೆ, ಮಗು ಮೇಲೆ ನಿಮ್ಮ ಕಡೆ ನೋಡುತ್ತದೆ. ನೆರಳಿನ ಲೆಕ್ಕವೂ ಇದೆ. ಬೆಳಕು ತಲೆಯ ಕಡೆಯಿಂದ ಬಂದರೆ ಮೂಗಿನ ನೆರಳು ತುಟಿಯ ಕಡೆಗೆ ಬೀಳುತ್ತದೆ, ನಾವು ಹಗಲಲ್ಲಿ ಮುಖ ನೋಡುವುದೇ ಹಾಗೆ. ಕಾಲಿನ ಕಡೆಯಿಂದ ಬಂದರೆ ನೆರಳು ಹಣೆಗೆ ಏರುತ್ತದೆ, ಕತ್ತಲಲ್ಲಿ ಗಲ್ಲದ ಕೆಳಗೆ ಟಾರ್ಚ್ ಹಿಡಿದಂತೆ ಕಾಣುತ್ತದೆ. ನೀವು ಮಗುವಿನ ಕಾಲ ಬಳಿ, ಕಿಟಕಿಗೆ ಎದುರಾಗಿ ನಿಂತರೆ ನಿಮ್ಮ ನೆರಳೂ ಮಗುವಿನ ಮೇಲೆ ಬೀಳುವುದಿಲ್ಲ.

ಒಂದು ಕಡೆಯ ಕೆನ್ನೆ ತೀರಾ ಕಪ್ಪಾದರೆ ಆ ಕಡೆ ಒಂದು ಥರ್ಮಾಕೋಲ್ ಹಾಳೆಯನ್ನು ಗೋಡೆಗೆ ಒರಗಿಸಿಡಿ. ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ.

ಟ್ಯೂಬ್‌ಲೈಟ್ ಹಾಕ್ಕೊಂಡ್ರೆ ಇನ್ನೂ ಚೆನ್ನಾಗಿ ಬರಲ್ವಾ?

ಬರುವುದಿಲ್ಲ. ಕಿಟಕಿಯ ಬೆಳಕು ಒಂದು ಬಣ್ಣ, ದೀಪದ್ದು ಇನ್ನೊಂದು. ಎರಡೂ ಸೇರಿದರೆ ಮುಖದ ಒಂದು ಪಾಲು ನೀಲಿ, ಇನ್ನೊಂದು ಪಾಲು ಹಳದಿ ಆಗುತ್ತದೆ. ಆಮೇಲೆ ಯಾವ ಆ್ಯಪ್‌ನಲ್ಲೂ ಎರಡನ್ನೂ ಒಟ್ಟಿಗೆ ಸರಿ ಮಾಡೋಕಾಗಲ್ಲ. ಕೋಣೆಯ ಎಲ್ಲ ದೀಪ ಆರಿಸಿ. ಫ್ಲ್ಯಾಶ್ ಕೂಡ ಬೇಡ, ಮಗು ಕಣ್ಣು ಮುಚ್ಚಿಕೊಳ್ಳುತ್ತದೆ, ಮುಖ ಚಪ್ಪಟೆಯಾಗಿ ಕಾಣುತ್ತದೆ.

ಮಲೆನಾಡಿನ ಜುಲೈನಲ್ಲಿ ಹಗಲೇ ಸಂಜೆಯಂತಿರುತ್ತದೆ. ಆಗ ಪಂಚೆ ತೆಗೆದುಬಿಡಿ, ಮೋಡವೇ ಪಂಚೆಯ ಕೆಲಸ ಮಾಡುತ್ತದೆ. ಮಗುವನ್ನು ಕಿಟಕಿಗೆ ಇನ್ನೊಂದು ಅಡಿ ಹತ್ತಿರ ತನ್ನಿ. ಹನ್ನೊಂದರಿಂದ ಎರಡರ ಒಳಗೆ, ಮಳೆ ಸ್ವಲ್ಪ ಬಿಟ್ಟ ಹೊತ್ತು ನೋಡಿಕೊಳ್ಳಿ.

## ಫೋನು ಹಿಡಿಯುವುದು

ಪ್ರತಿ ತಿಂಗಳೂ ಅದೇ ಎತ್ತರಕ್ಕೆ ಫೋನ್ ಹಿಡಿಯೋದು ಹೇಗೆ? ಸ್ಟ್ಯಾಂಡ್ ಬೇಕಾ?

ಬೇಡ. ಇಲ್ಲಿಯೇ ಚೌಕಗಳು ಉಪಯೋಗಕ್ಕೆ ಬರುವುದು.

ನೀವು ನಿಂತು, ಗಲ್ಲದ ಮಟ್ಟಕ್ಕೆ ಫೋನನ್ನು ಅಡ್ಡಲಾಗಿ ಮಲಗಿಸಿದಂತೆ ಹಿಡಿದರೆ ನೆಲದಿಂದ ಸುಮಾರು ನಾಲ್ಕೂಕಾಲು ಅಡಿ ಎತ್ತರ ಆಗುತ್ತದೆ. ಕ್ಯಾಮೆರಾ 2xನಲ್ಲಿ ಇಡಿ. ಹೆಚ್ಚಿನ ಫೋನುಗಳಲ್ಲಿ ಆಗ ಚಿತ್ರದೊಳಗೆ ಸುಮಾರು ಮೂರಡಿ ಉದ್ದ, ಎರಡೂಕಾಲು ಅಡಿ ಅಗಲದ ಜಾಗ ಬರುತ್ತದೆ. 5 ಸೆಂಟಿಮೀಟರ್ ಚೌಕದ ಬಟ್ಟೆಯಾದರೆ ಉದ್ದಕ್ಕೆ 18, ಅಗಲಕ್ಕೆ 13 ಚೌಕ. ನಿಮ್ಮ ಫೋನಿನಲ್ಲಿ ಎಷ್ಟು ಬರುತ್ತದೋ ಎಣಿಸಿ ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಫೋನನ್ನು ಮೇಲೆ ಕೆಳಗೆ ಮಾಡುತ್ತಾ ಅಷ್ಟೇ ಚೌಕಗಳು ತುಂಬುವ ಹಾಗೆ ಹಿಡಿದರೆ ಎತ್ತರ ತಾನಾಗಿ ಸರಿಹೋಗುತ್ತದೆ. ಬೇರೆ ಫೋನು ಕೊಂಡರೂ, ಫೋಟೋ ತೆಗೆಯುವವರು ಬದಲಾದರೂ ಇದೇ ಲೆಕ್ಕ ನಡೆಯುತ್ತದೆ.

ಮೊದಲ ತಿಂಗಳು ಮಗುವಿನ ಸುತ್ತ ಖಾಲಿ ಜಾಗ ಜಾಸ್ತಿ ಕಾಣುತ್ತದೆ. ಹತ್ತಿರ ಹೋಗೋಣ ಅನ್ನಿಸುತ್ತದೆ. ಹೋಗಬೇಡಿ. ಈ ಚೌಕಟ್ಟು ಒಂದು ವರ್ಷದ ಮಗುವಿಗೆ ಅಳೆದದ್ದು. ಆ ಖಾಲಿ ಜಾಗವನ್ನು ಮಗು ತಿಂಗಳು ತಿಂಗಳೂ ತುಂಬಿಕೊಂಡು ಬರುವುದೇ ಈ ಸರಣಿಯ ಜೀವ.

ಫೋನು ಪೂರ್ತಿ ಮಟ್ಟಸವಾಗಿರಬೇಕು. ಕಾಲಿನ ಕಡೆಗೆ ವಾಲಿದರೆ ಪಾದ ದೊಡ್ಡದು, ತಲೆ ಚಿಕ್ಕದು ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್, ಲೆವೆಲ್ ಆನ್ ಮಾಡಿದರೆ ಹಲವು ಫೋನುಗಳಲ್ಲಿ ಎರಡು + ಗುರುತು ಬರುತ್ತವೆ. ಅವೆರಡೂ ಒಂದರ ಮೇಲೊಂದು ಕೂತರೆ ಫೋನು ಮಟ್ಟಸ. ಬಟ್ಟೆಯ ಗೆರೆಗಳು ಚಿತ್ರದ ಅಂಚಿಗೆ ಸಮವಾಗಿ ಓಡುತ್ತಿವೆಯಾ ಅಂತಲೂ ನೋಡಿ. 0.5x ಮಾತ್ರ ಮುಟ್ಟಲೇಬೇಡಿ, ಅಂಚಿನಲ್ಲಿರುವುದೆಲ್ಲ ಎಳೆದಂತಾಗುತ್ತದೆ.

ಮಗುವಿನ ನೇರ ಮೇಲೆ ಫೋನು ಹಿಡಿಯುವುದರಿಂದ ಕೈಜಾರದ ಹಾಗೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಫೋನಿಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ, ಎರಡೂ ಕೈಯಲ್ಲಿ ಹಿಡಿಯಿರಿ. ಸ್ಟೂಲ್ ಹತ್ತಬೇಡಿ.

ಒಂದು ತಿಂಗಳು ಮುಖ ಕೆಂಪು, ಇನ್ನೊಂದು ತಿಂಗಳು ಹಳದಿ ಬರತ್ತೆ. ಫೋನ್ ಹಾಳಾಗಿದ್ಯಾ?

ಫೋನು ಚೆನ್ನಾಗಿಯೇ ಇದೆ. ಅದು ಪ್ರತಿ ಚಿತ್ರದಲ್ಲೂ ಬಣ್ಣವನ್ನು ತಾನೇ ಊಹಿಸುತ್ತದೆ. ಮಗುವಿಗೆ ಈ ಸಲ ಕೆಂಪು ಜಬ್ಲಾ, ಮುಂದಿನ ಸಲ ನೀಲಿ ಹಾಕಿದರೆ ಅದರ ಊಹೆಯೂ ಬದಲಾಗುತ್ತದೆ. ಬಟ್ಟೆ ಪ್ರತಿ ತಿಂಗಳೂ ಒಂದೇ ಬಣ್ಣದ್ದಿರಲಿ. ಬಿಳಿ ಅಲ್ಲದ ಯಾವುದಾದರೂ ತಿಳಿ ಬಣ್ಣದ, ಚಿತ್ತಾರ ಇಲ್ಲದ ಜಬ್ಲಾವನ್ನು ಮೂರು ಅಳತೆಯಲ್ಲಿ ಒಟ್ಟಿಗೆ ಕೊಂಡಿಟ್ಟುಕೊಂಡರೆ ವರ್ಷ ಕಳೆಯುತ್ತದೆ.

ಕ್ಯಾಮೆರಾದಲ್ಲಿ Pro ಮೋಡ್ ಇದ್ದರೆ ಬಣ್ಣ ಹೊಂದಿಸುವ WB ಅನ್ನು 5500Kಗೆ ನಿಲ್ಲಿಸಿಬಿಡಿ. ಇಲ್ಲದಿದ್ದರೆ ಮಗುವಿನ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಬರುತ್ತದೆ, ಬೇರೆ ಹಲವು ಫೋನುಗಳಲ್ಲಿ ಬೀಗದ ಗುರುತು. ಇದರಿಂದ ಬೆಳಕು ಮುಖಕ್ಕೆ ಸರಿಯಾಗಿ ನಿಲ್ಲುತ್ತದೆ. ಬಣ್ಣವನ್ನು ಆಮೇಲೆ ಬಟ್ಟೆಯ ಬೂದು ಗೆರೆ ನೋಡಿ ಸರಿ ಮಾಡಬಹುದು. ಬ್ಯೂಟಿ ಮೋಡ್ ಆಫ್ ಮಾಡಿ. ಅದು ಮೂರನೇ ತಿಂಗಳ ಕೆನ್ನೆಯ ಗುಳ್ಳೆಯನ್ನೂ ಅಳಿಸುತ್ತದೆ, ಆ ವಯಸ್ಸಿನ ಮುಖವನ್ನೂ ಅಳಿಸುತ್ತದೆ.

ನಿಮ್ಮದು ಕೆಂಪು ರೆಡ್ ಆಕ್ಸೈಡ್ ನೆಲವಾದರೆ ಇನ್ನೊಂದು ಕಾರಣವಿದೆ. ಕಿಟಕಿಯ ಬೆಳಕು ನೆಲಕ್ಕೆ ಬಡಿದು ಕೆಂಪಾಗಿ ಮಗುವಿನ ಮೇಲೆ ಬೀಳುತ್ತದೆ. ಚೌಕಳಿ ಬಟ್ಟೆಯ ಸುತ್ತ ಒಂದು ದೊಡ್ಡ ಬಿಳಿ ಬೆಡ್‌ಶೀಟ್ ಹಾಸಿದರೆ ಹೋಗುತ್ತದೆ.

ದಿನದಲ್ಲಿ ಯಾವ ಹೊತ್ತು ಮಗು ಸುಮ್ನೆ ಇರತ್ತೆ?

ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಮಗು ಗಾಢವಾಗಿ ನಿದ್ದೆ ಮಾಡುತ್ತದೆ. ಆ ನಿದ್ದೆಯಿಂದ ಎದ್ದು, ಹಾಲು ಕುಡಿದು, ತೇಗಿಸಿ, ಒಂದಿಪ್ಪತ್ತು ನಿಮಿಷ ಕಳೆದ ಮೇಲಿನ ಹೊತ್ತು ಒಳ್ಳೆಯದು. ಹಾಲು ಕುಡಿದ ತಕ್ಷಣ ಮಲಗಿಸಿದರೆ ಕಕ್ಕುತ್ತದೆ. ಸ್ನಾನದ ಮುಂಚೆ ತೆಗೆದರೆ ಹಣೆಯ ಎಣ್ಣೆ ಹೊಳೆಯುತ್ತದೆ. ಸಾಂಬ್ರಾಣಿ ಹೊಗೆ ಕೋಣೆಯಲ್ಲಿ ಉಳಿದಿದ್ದರೆ ಚಿತ್ರ ಮಸುಕಾಗುತ್ತದೆ, ಬೇರೆ ಕೋಣೆಗೆ ಹೋಗಿ.

## ತಿಂಗಳು ಕಳೆದಂತೆ

ಐದು ತಿಂಗಳು ತವರಲ್ಲಿರ್ತೀನಿ, ಆಮೇಲೆ ಗಂಡನ ಮನೆ. ಒಂದೇ ಜಾಗ ಎಲ್ಲಿಂದ ತರ್ಲಿ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಮೂರು ತಿಂಗಳೋ ಐದು ತಿಂಗಳೋ ತವರಿನಲ್ಲಿ ಬಾಣಂತನ, ಆಮೇಲೆ ತೊಟ್ಟಿಲ ಜೊತೆ ಮನೆ ಬದಲು. ಗೋಡೆ, ಸೋಫಾ, ಕುರ್ಚಿಯನ್ನು ಹಿನ್ನೆಲೆಯಾಗಿ ಇಟ್ಟುಕೊಂಡ ಸರಣಿಗಳು ಇಲ್ಲಿಗೇ ನಿಲ್ಲುತ್ತವೆ. ಮೇಲಿನಿಂದ ತೆಗೆಯುವ ಚಿತ್ರದಲ್ಲಿ ಕಾಣುವ ಜಾಗ ಅಂದರೆ ಬಟ್ಟೆ ಮಾತ್ರ. ಬಟ್ಟೆ ನಿಮ್ಮ ಜೊತೆಗೇ ಬರುತ್ತದೆ.

ನನ್ನ ತಂಗಿಯ ಮಗಳ ಉದಾಹರಣೆ ಹೇಳುತ್ತೇನೆ. ಅವಳು ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ, ಜೂನ್ ತಿಂಗಳಲ್ಲಿ. ಹಳೇ ಮನೆ, ಕೆಂಪು ನೆಲ, ಮರದ ಸರಳುಗಳ ಕಿರಿದಾದ ಕಿಟಕಿ, ಹೊರಗೆ ಬಿಡದ ಮಳೆ. ಕಿಟಕಿಯಿಂದ ಎರಡೇ ಅಡಿ ದೂರದಲ್ಲಿ ಮಲಗಿಸಿ, ಸುತ್ತ ಬಿಳಿ ಬೆಡ್‌ಶೀಟ್ ಹಾಸಿ ಐದು ತಿಂಗಳ ಫೋಟೋ ಅಲ್ಲೇ ಆದವು. ಆರನೆಯದು ಬೆಂಗಳೂರಿನ ಫ್ಲ್ಯಾಟ್. ಪೂರ್ವಕ್ಕೆ ದೊಡ್ಡ ಬಾಲ್ಕನಿ ಬಾಗಿಲು, ಬಿಳಿ ಟೈಲ್ಸ್, ಡಿಸೆಂಬರಿನ ಚುರುಕು ಬೆಳಕು. ಹಾಗೇ ತೆಗೆದಿದ್ದರೆ ಮಗು ಒಂದೇ ತಿಂಗಳಲ್ಲಿ ಬೆಳ್ಳಗಾದಂತೆ ಕಾಣುತ್ತಿತ್ತು. ಹಾಗಾಗಿ ಮಧ್ಯಾಹ್ನ ಮೂರರ ಮೇಲೆ ತೆಗೆದೆವು. ಬಾಲ್ಕನಿ ಬಾಗಿಲಿನ ಅರ್ಧಕ್ಕೆ ದಪ್ಪ ಪರದೆ ಎಳೆದು, ಹಳೇ ಕಿಟಕಿಯಷ್ಟೇ ಅಗಲ ಬಿಟ್ಟೆವು. ಅದಕ್ಕೆ ಪಂಚೆ ಕಟ್ಟಿದೆವು. ಮಗುವಿನ ತಲೆ ಆ ಕಡೆಗೆ, ಅದೇ ಓರೆಯಲ್ಲಿ. ಐದನೇ ತಿಂಗಳ ಫೋಟೋವನ್ನು ಇನ್ನೊಂದು ಫೋನಿನಲ್ಲಿ ತೆರೆದು ಪಕ್ಕದಲ್ಲಿಟ್ಟು, ಕೆನ್ನೆಯ ನೆರಳು ಎಷ್ಟು ಗಾಢ ಇದೆ ಎಂದು ಹೋಲಿಸಿ ನೋಡಿದೆವು. ಹೊಸ ಮನೆಯಲ್ಲಿ ನೆರಳು ತೆಳ್ಳಗಿತ್ತು. ಬಿಳಿ ಗೋಡೆಗಳು ಬೆಳಕನ್ನು ವಾಪಸ್ ಕೊಡುತ್ತಿದ್ದವು. ನೆರಳಿನ ಪಕ್ಕದಲ್ಲಿ, ಚೌಕಟ್ಟಿನ ಹೊರಗೆ ಒಂದು ಕಪ್ಪು ಶಾಲು ಇಟ್ಟ ಮೇಲೆ ಎರಡೂ ಹೊಂದಿದವು.

ಪೂರ್ತಿ ಹೊಂದಿದವು ಅಂತಲ್ಲ. ಹುಡುಕಿ ನೋಡಿದರೆ ಆರನೆಯದರ ಬೆಳಕು ಸ್ವಲ್ಪ ತಂಪು ಬಣ್ಣದ್ದು. ಆದರೆ ಚೌಕಗಳು ಅವೇ, ಗಾತ್ರ ಅದೇ, ನೆರಳು ಅದೇ ಕಡೆ. ನೋಡುವವರಿಗೆ ಮನೆ ಬದಲಾದದ್ದು ತಿಳಿಯುವುದಿಲ್ಲ.

ಪಕ್ಕದಲ್ಲಿ ಏನೇನು ಇಡಬಹುದು? ಅಕ್ಕಿ, ಹೂವು, ಬೇಳೆಯಲ್ಲಿ ತಿಂಗಳ ಅಂಕಿ ಬರೆಯೋಣ ಅಂತಿದ್ದೀನಿ.

ಒಂದೇ ಒಂದು ವಸ್ತು ಸಾಕು, ಹನ್ನೆರಡು ತಿಂಗಳೂ ಅದೇ. ಚನ್ನಪಟ್ಟಣದ ಮರದ ಗೊಂಬೆ ಒಂದು ಗೇಣು ಎತ್ತರದ್ದು ಒಳ್ಳೆಯದು. ಗಟ್ಟಿ ಮರ, ಗಾತ್ರ ಬದಲಾಗುವುದಿಲ್ಲ. ಬಟ್ಟೆಯ ಗೊಂಬೆ ಒಗೆದು ಒಗೆದು ಆಕಾರ ಕಳೆದುಕೊಳ್ಳುತ್ತದೆ. ಗೊಂಬೆಯನ್ನು ಭುಜದ ಪಕ್ಕ, ಎಣಿಸಿದ ಅದೇ ಚೌಕದ ಮೇಲೆ ಮಲಗಿಸಿಡಿ. ಮೊದಲ ತಿಂಗಳು ಮಗುವಿಗೆ ಅದು ದೊಡ್ಡ ಜೊತೆಗಾರ, ಹನ್ನೊಂದನೇ ತಿಂಗಳಿಗೆ ಅಂಗೈಯ ಆಟಿಕೆ. ಬಿಡಿಭಾಗ ಕಳಚುವ ಗೊಂಬೆ ಮಾತ್ರ ಬೇಡ.

ಅಕ್ಕಿ, ಬೇಳೆ, ಕಡಲೆ, ಹೂವಿನ ಎಸಳು ಬೇಡ. ನಾಲ್ಕೈದು ತಿಂಗಳಿಗೆ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ. ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ರಂಗೋಲಿ ಪುಡಿ ಉಸಿರಿನಲ್ಲಿ ಹೋಗುತ್ತದೆ. ಮೊದಲ ಮೂರು ತಿಂಗಳು ಹೇಗೋ ನಡೆದರೂ ಆಮೇಲೆ ಬಿಡಲೇಬೇಕಾಗುತ್ತದೆ, ಆಗ ಸರಣಿ ಎರಡು ಥರ ಆಗುತ್ತದೆ. ಅಂಕಿಯನ್ನು ಆಮೇಲೆ ಚಿತ್ರದ ಮೂಲೆಯಲ್ಲಿ ಬರೆಯಿರಿ. ೧ರಿಂದ ೧೨ರವರೆಗೆ ಕನ್ನಡದ ಅಂಕಿಗಳೇ ಇದ್ದರೆ ಎಷ್ಟು ಚೆಂದ ಕಾಣುತ್ತವೆ, ನೋಡಿ.

ಏಳು ತಿಂಗಳಾಯ್ತು, ಮಲಗಿಸಿದ್ರೆ ಒಂದು ಕ್ಷಣನೂ ಇರಲ್ಲ. ಬೋರಲು ಬಿದ್ದು ಹೊರಟೇ ಬಿಡ್ತಾಳೆ.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ. ಆರರಿಂದ ಒಂಬತ್ತು ತಿಂಗಳ ನಡುವೆ ಮಗು ಕೂರುತ್ತದೆ, ತೆವಳುತ್ತದೆ, ಅಂಬೆಗಾಲಿಡುತ್ತದೆ. ಬೆನ್ನ ಮೇಲೆ ಸುಮ್ಮನೆ ಮಲಗುವುದು ಅದಕ್ಕೆ ಬೇಡ.

ಇಬ್ಬರು ಸೇರಿ ತೆಗೆಯಿರಿ. ಫೋನು ಹಿಡಿದವರು ಮೊದಲೇ ಚೌಕ ಎಣಿಸಿ, ಬೆಳಕು ನಿಲ್ಲಿಸಿ ತಯಾರಾಗಿ ನಿಂತಿರಲಿ. ಬೆಳಕು ನಿಲ್ಲಿಸಲು ಮಗುವಿನ ಮುಖದ ಜಾಗದಲ್ಲಿ ನಿಮ್ಮ ಅಂಗೈ ಹಿಡಿದರಾಯಿತು. ಆಮೇಲೆ ಇನ್ನೊಬ್ಬರು ಮಗುವನ್ನು ಮಲಗಿಸಿ, ಆಗಷ್ಟೇ ಕೈಗೆ ಏನಾದರೂ ಹೊಸದು ಕೊಡಲಿ. ಒಂದು ಚಮಚವಾದರೂ ಸಾಕು. ಹೊಸ ವಸ್ತುವನ್ನು ತಿರುಗಿಸಿ ನೋಡುವ ಮೊದಲ ಐದಾರು ಸೆಕೆಂಡು ಮಗು ಮಿಸುಕುವುದಿಲ್ಲ. ಅಷ್ಟರಲ್ಲಿ ಬಟನ್ ಪಟಪಟನೆ ಒತ್ತುತ್ತಾ ಸಾಲಾಗಿ ಫೋಟೋ ತೆಗೆಯಿರಿ. ಕೈಕಾಲು ಅಲುಗಿ ಮಸುಕಾದರೆ ಬೆಳಕು ಸಾಲದು ಎಂದರ್ಥ. Pro ಮೋಡ್‌ನಲ್ಲಿ ಶಟರ್ 1/125 ಇಟ್ಟರೆ ಸಾಮಾನ್ಯ ಚಲನೆ ನಿಲ್ಲುತ್ತದೆ, ತೆವಳುವ ಮಗುವಿಗೆ 1/250 ಬೇಕು.

ಅದೂ ಆಗದಿದ್ದರೆ ಬೋರಲು ಬಿದ್ದದ್ದನ್ನೇ ತೆಗೆಯಿರಿ, ಚೌಕಟ್ಟಿನಿಂದ ಅರ್ಧ ಹೊರಗೆ ಹೋದದ್ದನ್ನೇ ತೆಗೆಯಿರಿ. ಬಟ್ಟೆ, ಬೆಳಕು, ಎತ್ತರ ಬದಲಿಸಬೇಡಿ, ಅಷ್ಟೇ. ಅಂಚಿನಲ್ಲಿ ಒಂದು ಪಾದ ಮಾತ್ರ ಉಳಿದ ಎಂಟನೇ ತಿಂಗಳ ಫೋಟೋ ಆ ತಿಂಗಳಿನ ನಿಜವನ್ನೇ ಹೇಳುತ್ತದೆ. ಮಗುವನ್ನು ಒತ್ತಿ ಹಿಡಿದು, ಅಳುವಂತೆ ಮಾಡಿ ತೆಗೆದ ಫೋಟೋಕ್ಕಿಂತ ನನಗೆ ಅದೇ ಮೇಲು.

ಚೌಕ ಎಣಿಸಿದ್ರೆ ಹೋದ ತಿಂಗಳಿಗಿಂತ ಈ ತಿಂಗಳು ಗಿಡ್ಡ ಆಗಿದಾಳೆ! ಗಾಬರಿ ಆಗ್ತಿದೆ.

ಗಾಬರಿ ಬೇಡ. ಎಳೆ ಮಗು ಕಾಲು ಮಡಿಸಿಕೊಂಡೇ ಇರುತ್ತದೆ. ಒಂದು ಸಲ ಚಾಚಿದಾಗ, ಇನ್ನೊಂದು ಸಲ ಮಡಿಸಿದಾಗ ಫೋಟೋ ಬಂದರೆ ಎರಡು ಮೂರು ಚೌಕದ ವ್ಯತ್ಯಾಸ ಸಹಜ. ನೆತ್ತಿಯಿಂದ ಸೊಂಟದವರೆಗೆ ಎಣಿಸಿದರೆ ಲೆಕ್ಕ ಸ್ವಲ್ಪ ನಿಲ್ಲುತ್ತದೆ. ಆದರೂ ಅದು ಅಂದಾಜು. ಮಗುವಿನ ಮೈ ಬಟ್ಟೆಗಿಂತ ಮೇಲಿರುವುದರಿಂದ ಫೋನಿಗೆ ಹತ್ತಿರವಾಗಿ, ಇರುವುದಕ್ಕಿಂತ ಸ್ವಲ್ಪ ದೊಡ್ಡದೇ ಕಾಣುತ್ತದೆ. ಬೆಳವಣಿಗೆ ಸರಿ ಇದೆಯಾ ಎಂದು ತಿಳಿಯಲು ಅಂಗನವಾಡಿಯಲ್ಲಿ ಅಥವಾ ಡಾಕ್ಟರ ಬಳಿ ತೂಕ, ಉದ್ದ ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಆ ಅಂಕಿಗಳನ್ನು ಫೋಟೋದ ಹಿಂದೆಯೂ ಬರೆದಿಟ್ಟರೆ ಎರಡೂ ಒಂದೇ ಕಡೆ ಸಿಗುತ್ತವೆ.

## ಹನ್ನೆರಡೂ ಆದ ಮೇಲೆ

ಎಲ್ಲ ಫೋಟೋ ಒಂದೇ ಫ್ರೇಮಲ್ಲಿ ಹಾಕ್ಬೇಕು. ಯಾವ ಅಳತೆ, ಹೇಗೆ ಹೊಂದಿಸೋದು?

ಫೋನಿನ ಸಾಮಾನ್ಯ ಅಳತೆ 3:4. ಅದನ್ನು ಕತ್ತರಿಸದೆ ಹಾಗೇ ಇಟ್ಟರೆ ಒಂದು ಸುಲಭ ಲೆಕ್ಕ ಸಿಗುತ್ತದೆ. ಒಂದೊಂದು ಫೋಟೋ 3 ಇಂಚು ಅಗಲ, 4 ಇಂಚು ಎತ್ತರ. ಸಾಲಿಗೆ ನಾಲ್ಕರಂತೆ ಮೂರು ಸಾಲು ಜೋಡಿಸಿದರೆ ಸರಿಯಾಗಿ 12 ಇಂಚಿನ ಚೌಕ. ಯಾರ ತಲೆಯೂ ಕಾಲೂ ಕತ್ತರಿಸಬೇಕಾಗಿಲ್ಲ.

ಜೋಡಿಸುವ ಮೊದಲು ಬಣ್ಣ ಒಂದು ಮಾಡಿ. ಚೆನ್ನಾಗಿ ಬಂದ ಒಂದು ತಿಂಗಳನ್ನು ಮಾದರಿ ಅಂತ ಇಟ್ಟುಕೊಳ್ಳಿ. Snapseedನಲ್ಲಿ White Balance ತೆರೆದು, ಪ್ರತಿ ಚಿತ್ರದಲ್ಲೂ ಬಟ್ಟೆಯ ಬೂದು ಗೆರೆಯ ಮೇಲೆ ಡ್ರಾಪರ್ ಇಡಿ. ಮುಖ ನೋಡಿ ಬಣ್ಣ ಸರಿ ಮಾಡಬೇಡಿ. ಮುಖ ತಿಂಗಳು ತಿಂಗಳೂ ನಿಜವಾಗಿಯೇ ಬದಲಾಗುತ್ತದೆ, ಗೆರೆ ಬದಲಾಗುವುದಿಲ್ಲ. ಓರೆಯಾದ ಚಿತ್ರವನ್ನು ಗೆರೆಗಳು ನೇರವಾಗುವವರೆಗೆ ತಿರುಗಿಸಿ. ಆಮೇಲೆ ಎಲ್ಲದರಲ್ಲೂ ಅಂಚಿನಿಂದ ಅಂಚಿಗೆ ಚೌಕಗಳ ಎಣಿಕೆ ಒಂದೇ ಇದೆಯಾ ನೋಡಿ, ಹೆಚ್ಚಿದ್ದರೆ ಅಷ್ಟು ಮಾತ್ರ ಕತ್ತರಿಸಿ.

ಸ್ಟುಡಿಯೋಗೆ ಮೂಲ ಫೈಲನ್ನೇ ಕೊಡಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಗಾತ್ರ ಕುಗ್ಗುತ್ತದೆ, Document ಅಂತ ಕಳಿಸಿದರೆ ಹಾಗೇ ಹೋಗುತ್ತದೆ. ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೋ ಕಂಪ್ಯೂಟರಿಗೋ ಪ್ರತಿ ತಿಂಗಳೂ ಹಾಕಿಡಿ, ವರ್ಷದ ಕೊನೆಯವರೆಗೆ ಕಾಯಬೇಡಿ. ಫೋನು ಕಳೆದರೆ ಮೂರನೇ ತಿಂಗಳನ್ನು ಮತ್ತೆ ತೆಗೆಯೋಕೆ ಆಗಲ್ಲ ಅಲ್ವಾ.

ಒಂದು ತಿಂಗಳು ತಪ್ಪೇ ಹೋಯ್ತು. ಫ್ರೇಮಲ್ಲಿ ಖಾಲಿ ಬಿಡ್ಲಾ?

ಆ ತಿಂಗಳಿನ ಬೇರೆ ಯಾವುದೋ ಫೋಟೋ ತಂದು ತುಂಬಬೇಡಿ, ಅದೊಂದೇ ಕಣ್ಣಿಗೆ ಹೊಡೆಯುತ್ತದೆ. ಅದೇ ಬಟ್ಟೆಯನ್ನು ಹಾಸಿ, ಅದೇ ಬೆಳಕಿನಲ್ಲಿ ಗೊಂಬೆಯನ್ನು ಮಾತ್ರ ಅದರ ಚೌಕದ ಮೇಲಿಟ್ಟು ಒಂದು ಫೋಟೋ ತೆಗೆದು ಆ ಜಾಗಕ್ಕೆ ಹಾಕಿ. ಅಕ್ಕಪಕ್ಕದ ಎರಡು ತಿಂಗಳ ನಡುವೆ ಮಗು ಎಷ್ಟು ಬೆಳೆದಿದೆ ಎನ್ನುವುದು ಆಗಲೂ ಕಾಣುತ್ತದೆ. ಮೊದಲ ಮೂರು ತಿಂಗಳಲ್ಲಿ ಒಂದು ತಪ್ಪಿದ್ದರೆ ಮಾತ್ರ, ನೆನಪಾದ ದಿನವೇ ತೆಗೆದು ಅದರ ಮೇಲೆ ವಾರಗಳ ಲೆಕ್ಕ ಬರೆಯಿರಿ: "10 ವಾರ", "11 ವಾರ" ಹೀಗೆ.